ಐದರಲ್ಲಿ ಮೂರು ಮುಗಿದಿದ್ದವು

ಅವತ್ತು ವೀಡಿಯೊ ಮೀಟಿಂಗ್‌ನಲ್ಲಿ ನಾನು ತಿಂಗಳ ಲೆಕ್ಕ ತೋರಿಸಬೇಕಿತ್ತು. ಹನ್ನೆರಡು ಜನ ಕೂತು ನನ್ನ ಸ್ಕ್ರೀನ್ ನೋಡುತ್ತಿದ್ದರು, ರೆಕಾರ್ಡಿಂಗ್ ಕೂಡ ಆಗುತ್ತಿತ್ತು. ಲೆಕ್ಕದ ವೆಬ್‌ಸೈಟ್ ನನ್ನನ್ನು ಹೊರಗೆ ಹಾಕಿ ಮತ್ತೆ ಲಾಗಿನ್ ಕೇಳಿತು. ಯೂಸರ್‌ನೇಮ್ ಬ್ರೌಸರ್ ತಾನೇ ತುಂಬಿತು. ಪಾಸ್‌ವರ್ಡ್ ಮಾತ್ರ ನಾನು ಟೈಪ್ ಮಾಡಿದೆ. ತಪ್ಪು ಎಂದಿತು. ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ ಟೈಪ್ ಮಾಡಿದೆ. ಮತ್ತೆ ತಪ್ಪು, ಜೊತೆಗೆ ಇನ್ನು ಮೂರೇ ಅವಕಾಶ ಉಳಿದಿದೆ ಎಂಬ ಎಚ್ಚರಿಕೆ. ಐದು ಸಲ ತಪ್ಪಿದರೆ ಖಾತೆ ಲಾಕ್ ಆಗುತ್ತದೆ, ಬಿಡಿಸಿಕೊಳ್ಳಲು ಅರ್ಧ ದಿನ ಬೇಕು.

ಪಾಸ್‌ವರ್ಡ್ ಪೆಟ್ಟಿಗೆಯ ಬಲಗಡೆ ಕಣ್ಣಿನ ಗುರುತು ಇತ್ತು. ಅದನ್ನು ಒತ್ತಿದರೆ ಚುಕ್ಕಿಗಳ ಜಾಗದಲ್ಲಿ ಅಕ್ಷರಗಳು ಕಾಣುತ್ತವೆ. ಟೈಪ್ ಮಾಡಿ ಮೌಸನ್ನು ಅದರ ಹತ್ತಿರ ಒಯ್ದಿದ್ದೆ. "ತಡೀರಿ, ಮೊದಲು ಸ್ಕ್ರೀನ್ ಶೇರ್ ನಿಲ್ಲಿಸಿ!" ಎಂದು ನಮ್ಮ ಸಿಸ್ಟಮ್ ನೋಡಿಕೊಳ್ಳುವ ಮೇಡಂ ಜೋರಾಗಿಯೇ ಹೇಳಿದರು. ಅವರು ತಡೆಯದಿದ್ದರೆ ನನ್ನ ಪಾಸ್‌ವರ್ಡ್ ಆ ಹನ್ನೆರಡು ಜನರಿಗಷ್ಟೇ ಅಲ್ಲ, ಮುಂದೆ ಆ ರೆಕಾರ್ಡಿಂಗ್ ತೆರೆಯುವ ಪ್ರತಿಯೊಬ್ಬರಿಗೂ ಸಿಗುತ್ತಿತ್ತು. ಪಕ್ಕದಲ್ಲಿ ನಿಂತು ಇಣುಕುವವರಿಗೆ ಕ್ಷಣ ಮಾತ್ರ ಕಾಣುತ್ತದೆ. ರೆಕಾರ್ಡಿಂಗ್ ಆದರೆ ಅಲ್ಲೇ ನಿಲ್ಲಿಸಿ, ದೊಡ್ಡದು ಮಾಡಿ, ಬರೆದುಕೊಳ್ಳಬಹುದು.

ಸ್ಕ್ರೀನ್ ಶೇರ್ ನಿಲ್ಲಿಸಿದೆ. ನಿಜವಾಗಿ ನಿಂತಿದೆಯಾ ಎಂದು ಅವರನ್ನೇ ಕೇಳಿ ಖಚಿತ ಮಾಡಿಕೊಂಡೆ. ಇಷ್ಟು ಕೇಳುವುದು ಮುಖ್ಯ. ಎರಡು ಸ್ಕ್ರೀನ್ ಇದ್ದಾಗ ಯಾವುದು ಹೊರಗೆ ಕಾಣುತ್ತಿದೆ ಎಂಬುದು ನಮಗೇ ಗೊತ್ತಿರುವುದಿಲ್ಲ.

"ಈಗ ಪಾಸ್‌ವರ್ಡ್ ಬೇಡ. ಯೂಸರ್‌ನೇಮ್ ಜಾಗದಲ್ಲಿ ಸುಮ್ನೆ ಒಂದು a ಒತ್ತಿ" ಎಂದರು ಮೇಡಂ. ಒತ್ತಿದೆ, ದೊಡ್ಡ A ಬಂತು. ಕ್ಯಾಪ್ಸ್ ಲಾಕ್ ಆನ್ ಆಗಿತ್ತು! ಈ ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ದೀಪವಿಲ್ಲ. ವಿಂಡೋಸ್ ತನ್ನದೇ ಲಾಗಿನ್ ಪರದೆಯಲ್ಲಿ ಕ್ಯಾಪ್ಸ್ ಲಾಕ್ ಆನ್ ಇದೆ ಎಂದು ಹೇಳುತ್ತದೆ. ಆದರೆ ಎಲ್ಲ ವೆಬ್‌ಸೈಟ್‌ಗಳೂ ಹೇಳುವುದಿಲ್ಲ, ಇದು ಹೇಳಲಿಲ್ಲ.

ಕ್ಯಾಪ್ಸ್ ಲಾಕ್ ಏನು ಮಾಡುತ್ತದೆ ಎಂದು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಇದು ನನ್ನ ಪಾಸ್‌ವರ್ಡ್ ಅಲ್ಲ, ಅದೇ ತರಹದ್ದು: `Hosa@Mane27`. ವಿಂಡೋಸ್‌ನಲ್ಲಿ ಕ್ಯಾಪ್ಸ್ ಲಾಕ್ ಆನ್ ಇದ್ದಾಗ ಶಿಫ್ಟ್ ಒತ್ತಿದರೆ ಅಕ್ಷರ ಚಿಕ್ಕದಾಗುತ್ತದೆ. ಹಾಗಾಗಿ ಅದೇ ಕೈಚಳಕದಲ್ಲಿ ಟೈಪ್ ಮಾಡಿದರೆ `hOSA@mANE27` ಬರುತ್ತದೆ, ಪೂರ್ತಿ ತಿರುಗುಮುರುಗು. ಮ್ಯಾಕ್‌ನಲ್ಲಾದರೆ ಶಿಫ್ಟ್ ಒತ್ತಿದರೂ ದೊಡ್ಡದೇ ಉಳಿಯುತ್ತದೆ, `HOSA@MANE27` ಆಗುತ್ತದೆ. ಎರಡರಲ್ಲೂ 27 ಮತ್ತು @ ಹಾಗೇ ಇರುತ್ತವೆ. ಚುಕ್ಕಿಗಳೂ ಹನ್ನೊಂದೇ. ಒಂದು ಅಕ್ಷರ ಬಿಟ್ಟುಹೋದರೆ ಅಥವಾ ಎರಡು ಸಲ ಬಿದ್ದರೆ ಚುಕ್ಕಿ ಎಣಿಸಿ ಹಿಡಿಯಬಹುದು. ಒಂದು ಅಕ್ಷರದ ಬದಲು ಇನ್ನೊಂದು ಬಿದ್ದರೆ ಚುಕ್ಕಿ ಎಷ್ಟು ನೋಡಿದರೂ ತಿಳಿಯುವುದಿಲ್ಲ.

ಕ್ಯಾಪ್ಸ್ ಲಾಕ್ ಆರಿಸಿ, ಯೂಸರ್‌ನೇಮ್ ಸರಿ ಮಾಡಿ, ಮೂರನೇ ಸಲ ಟೈಪ್ ಮಾಡಿ ಎಂಟರ್ ಒತ್ತಿದೆ. ಮತ್ತೆ ತಪ್ಪು.

ನಿಜಕ್ಕೂ ಹೆದರಿದ್ದು ಆಗಲೇ. ಯಾರೋ ಪಾಸ್‌ವರ್ಡ್ ಬದಲಾಯಿಸಿದ್ದಾರಾ ಅನ್ನಿಸಿತು. ಇನ್ನು ಉಳಿದದ್ದು ಎರಡು. ಮೂರನೇ ಸಲವೇ ಕಣ್ಣು ಒತ್ತಿ ನೋಡಬೇಕಿತ್ತು. ಕ್ಯಾಪ್ಸ್ ಲಾಕ್ ಸಿಕ್ಕಿತಲ್ಲ, ಇನ್ನೇನು ತಪ್ಪಿರುತ್ತದೆ ಎಂಬ ಧೈರ್ಯದಲ್ಲಿ ಎಂಟರ್ ಒತ್ತಿಬಿಟ್ಟಿದ್ದೆ. ಆ ಬಟನ್‌ನ ದೊಡ್ಡ ಉಪಯೋಗವೇ ಇದು: ಒಂದು ಅವಕಾಶವನ್ನೂ ಖರ್ಚು ಮಾಡದೆ ತಪ್ಪು ತೋರಿಸುತ್ತದೆ.

ಹಿಂದೆ ತಿರುಗಿ ನೋಡಿದೆ, ಗೋಡೆ ಇತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಟೈಪ್ ಮಾಡಿ, ಎಂಟರ್ ಒತ್ತದೆ, ಕಣ್ಣು ಒತ್ತಿದೆ. ಉದಾಹರಣೆಯ ಲೆಕ್ಕದಲ್ಲಿ ಹೇಳುವುದಾದರೆ, ಕಂಡದ್ದು ಹೀಗಿತ್ತು:

```
Hosa"Mane27
```

@ ಇರಬೇಕಾದ ಕಡೆ ಉದ್ಧರಣ ಚಿಹ್ನೆ! ವಿಂಡೋಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಕೀಬೋರ್ಡ್ ಸೇರಿಸಿಟ್ಟಿರಬಹುದು. ನನ್ನದರಲ್ಲಿ ಅಮೆರಿಕದ ಇಂಗ್ಲಿಷ್ ಮತ್ತು ಬ್ರಿಟನ್ನಿನ ಇಂಗ್ಲಿಷ್ ಎರಡೂ ಇದ್ದವು. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ತಾಗಿದರೆ ಸಾಕು, ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಬ್ರಿಟಿಷ್ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ " ಬರುತ್ತದೆ, 3 ಒತ್ತಿದರೆ £ ಬರುತ್ತದೆ. ಅಕ್ಷರ, ಅಂಕಿ ಎಲ್ಲ ಮೊದಲಿನ ಹಾಗೇ. ಅದಕ್ಕೇ ಬೇರೆ ಕೆಲಸದಲ್ಲಿ ಗೊತ್ತಾಗಿರಲಿಲ್ಲ. ನನ್ನ ಯೂಸರ್‌ನೇಮ್ ಇಮೇಲ್ ವಿಳಾಸ, ಅದರಲ್ಲೂ @ ಇದೆ. ಅದನ್ನು ಕೈಯಲ್ಲೇ ಟೈಪ್ ಮಾಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು, ಅಲ್ವಾ? ಬ್ರೌಸರ್ ತುಂಬಿದ್ದರಿಂದ ತಪ್ಪಿಹೋಯಿತು. ಅಂದರೆ ಮೊದಲೆರಡು ಸಲ ಎರಡು ತಪ್ಪು ಒಟ್ಟಿಗೆ ಇದ್ದವು. ಒಂದನ್ನು ತೆಗೆದರೂ ಇನ್ನೊಂದು ಉಳಿದಿತ್ತು.

ಕೆಳಗಿನ ಪಟ್ಟಿಯಲ್ಲಿ ENG UK ಅಂತ ಇತ್ತು. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ENG US ಮಾಡಿದೆ. ಮತ್ತೆ ಟೈಪ್ ಮಾಡಿ ನೋಡಿದೆ, ಸರಿ ಇತ್ತು.

ಎಂಟರ್ ಒತ್ತುವ ಮೊದಲು ಕಣ್ಣನ್ನು ಮತ್ತೆ ಮುಚ್ಚಿಸಿದರು ಮೇಡಂ. ಕಾರಣವನ್ನು ಆಮೇಲೆ ಫೋನಿನಲ್ಲಿ ಕೇಳಿದೆ. ಕಣ್ಣು ಒತ್ತಿದಾಗ ವೆಬ್‌ಸೈಟ್ ಆ ಪೆಟ್ಟಿಗೆಯನ್ನು ಪಾಸ್‌ವರ್ಡ್ ಎಂಬ ಬಗೆಯಿಂದ ಮಾಮೂಲಿ ಬರಹದ ಬಗೆಗೆ ಬದಲಾಯಿಸುತ್ತದೆ:

```
<input type="password">
<input type="text">
```

ಆಗ ಬ್ರೌಸರಿಗೆ ಅದು ಹೆಸರು, ವಿಳಾಸದ ಹಾಗೆ ಒಂದು ಸಾಮಾನ್ಯ ಪೆಟ್ಟಿಗೆ. ಹಾಗೇ ಕಳಿಸಿದರೆ, ಹಿಂದೆ ಟೈಪ್ ಮಾಡಿದ ಪದಗಳ ಪಟ್ಟಿಗೆ ಅದೂ ಸೇರಬಹುದು. ಚೆನ್ನಾಗಿ ಮಾಡಿದ ವೆಬ್‌ಸೈಟ್‌ಗಳು ಕಳಿಸುವಾಗ ತಾವೇ ಮುಚ್ಚುತ್ತವೆ. ಎಲ್ಲವೂ ಮುಚ್ಚುತ್ತವೆ ಎಂದು ನಂಬುವ ಹಾಗಿಲ್ಲ. ಇನ್ನೊಂದು ವಿಷಯ 2022ರಲ್ಲಿ ಹೊರಗೆ ಬಂತು. ಕ್ರೋಮ್‌ನಲ್ಲಿ ಟೈಪ್ ಮಾಡಿದ್ದನ್ನು ಸರ್ವರ್‌ಗೆ ಕಳಿಸಿ ಕಾಗುಣಿತ ನೋಡುವ ಒಂದು ಸೌಲಭ್ಯವಿದೆ. ಅದನ್ನು ನಾವೇ ಆನ್ ಮಾಡಿಕೊಂಡಿದ್ದರೆ, ಕಣ್ಣು ಒತ್ತಿದಾಗ ಪಾಸ್‌ವರ್ಡ್ ಕೂಡ ಆ ದಾರಿಯಲ್ಲಿ ಹೋಗಬಹುದಿತ್ತು. ನಾನು ಸೆಟ್ಟಿಂಗ್ಸ್ ತೆರೆದು ನೋಡಿದೆ, ನನ್ನಲ್ಲಿ ಆಫ್ ಇತ್ತು.

ಮೇಡಂ ಕೇಳಿದ ಪ್ರಶ್ನೆ ಒಂದಿತ್ತು: "ಮೊದಲು ಹೀಗಾದಾಗ ಏನು ಮಾಡ್ತಿದ್ರಿ?" ಯೂಸರ್‌ನೇಮ್ ಜಾಗದಲ್ಲಿ ಪಾಸ್‌ವರ್ಡ್ ಟೈಪ್ ಮಾಡಿ ಕಣ್ಣಾರೆ ನೋಡಿ, ಕತ್ತರಿಸಿ ಕೆಳಗೆ ಅಂಟಿಸುತ್ತಿದ್ದೆ ಎಂದೆ. ಅದು ಕಣ್ಣು ಒತ್ತುವುದಕ್ಕಿಂತ ಕೆಟ್ಟದ್ದಂತೆ. ತಪ್ಪಿ ಅಲ್ಲೇ ಎಂಟರ್ ಬಿದ್ದರೆ ಪಾಸ್‌ವರ್ಡ್ ಯೂಸರ್‌ನೇಮ್ ಆಗಿ ಹೋಗುತ್ತದೆ. ವಿಫಲವಾದ ಲಾಗಿನ್‌ಗಳ ದಾಖಲೆಯಲ್ಲಿ ಯೂಸರ್‌ನೇಮನ್ನು ಹಾಗೇ ಬರೆದಿಡುವ ವೆಬ್‌ಸೈಟ್‌ಗಳು ಇವೆ. ಮರುಕ್ಷಣ ಸರಿಯಾದ ಹೆಸರಿನಲ್ಲಿ ಒಳಗೆ ಹೋದರೆ, ಆ ಪಾಸ್‌ವರ್ಡ್ ಯಾರದು ಎಂಬುದೂ ಮುಂದಿನ ಸಾಲಿನಲ್ಲೇ ಇರುತ್ತದೆ. ಹಾಗೆ ಆದರೆ ಪಾಸ್‌ವರ್ಡ್ ಬದಲಾಯಿಸಲೇಬೇಕು ಎಂದರು. ನನಗೆ ಒಂದು ಸಲ ಆಗಿತ್ತು, ಬೇರೆ ವೆಬ್‌ಸೈಟ್‌ನಲ್ಲಿ. ಅಂದೇ ಬದಲಾಯಿಸಿದೆ.

ಈಗ ನಾನು ಕಣ್ಣು ಒತ್ತುವುದು ನನ್ನದೇ ಲ್ಯಾಪ್‌ಟಾಪ್ ಅಥವಾ ಫೋನಿನಲ್ಲಿ, ಸ್ಕ್ರೀನ್ ಯಾರಿಗೂ ಹೋಗುತ್ತಿಲ್ಲದಾಗ, ಹಿಂದೆ ಜನರಾಗಲಿ ಕ್ಯಾಮೆರಾ ಆಗಲಿ ಇಲ್ಲದಾಗ. ಬೇರೆಯವರ ಕಂಪ್ಯೂಟರ್‌ನಲ್ಲಿ ಒತ್ತುವುದಿಲ್ಲ. ಅಲ್ಲಿ ಪಾಸ್‌ವರ್ಡ್ ಟೈಪ್ ಮಾಡುವುದೇ ಅಪಾಯ, ಕೀ ಒತ್ತುವಿಕೆಯನ್ನು ಕದಿಯುವ ತಂತ್ರಾಂಶಕ್ಕೆ ಚುಕ್ಕಿಗಳು ಅಡ್ಡಿಯಲ್ಲ. ಮೋಸದ ವೆಬ್‌ಸೈಟ್ ಆದರೂ ಅಷ್ಟೇ. ಚುಕ್ಕಿ ಮುಚ್ಚುವುದು ನೋಡುವವರ ಕಣ್ಣಿನಿಂದ ಮಾತ್ರ.

ಅವತ್ತು ನಾಲ್ಕನೇ ಸಲಕ್ಕೆ ಒಳಗೆ ಹೋದೆ. ಮತ್ತೆ ಸ್ಕ್ರೀನ್ ಶೇರ್ ಮಾಡಿ ಲೆಕ್ಕ ತೋರಿಸಿದೆ. ಮೀಟಿಂಗ್ ಮುಗಿದ ಮೇಲೆ ಭಾಷೆಯ ಸೆಟ್ಟಿಂಗ್ಸ್ ತೆರೆದು ಬ್ರಿಟಿಷ್ ಕೀಬೋರ್ಡ್ ತೆಗೆದುಹಾಕಿದೆ. ಕನ್ನಡದ್ದು ಇಟ್ಟುಕೊಂಡಿದ್ದೇನೆ. ಅದು ತಪ್ಪಿ ಆನ್ ಆಗಿದ್ದರೆ, ಯೂಸರ್‌ನೇಮ್ ಜಾಗದಲ್ಲಿ a ಒತ್ತಿದ ಕೂಡಲೇ ಗೊತ್ತಾಗುತ್ತದೆ.