ನೀಟ್ ರಸಾಯನಶಾಸ್ತ್ರ, ಈ ವಾರದ ಪ್ರಗತಿ: ಆಲ್ಡಾಲ್ ಮತ್ತು ಕ್ಯಾನಿಝಾರೋ

ನೀಟ್‌ನ 180 ಪ್ರಶ್ನೆಗಳಲ್ಲಿ ಜೀವಶಾಸ್ತ್ರಕ್ಕೆ 90, ರಸಾಯನಶಾಸ್ತ್ರಕ್ಕೆ 45 ಇರುವುದರಿಂದ, ವಿಜಯಪುರದ ಬಿಸಿಲೇರುವ ಮುಂಚಿನ ತಂಪು ಹೊತ್ತನ್ನು ಜೀವಶಾಸ್ತ್ರಕ್ಕೇ ಬಿಟ್ಟಿದ್ದೇನೆ. ಸಾವಯವ ರಸಾಯನಶಾಸ್ತ್ರಕ್ಕೆ ಉಳಿಯುವುದು ಸಂಜೆಯ ಸ್ವಲ್ಪ ಸಮಯ ಮಾತ್ರ. ಆದ್ದರಿಂದ ಈ ವಾರ ಹೆಸರುಳ್ಳ ಕ್ರಿಯೆಗಳನ್ನು ಪಟ್ಟಿಯಾಗಿ ಬಾಯಿಪಾಠ ಮಾಡದೆ, ಆಲ್ಡಿಹೈಡ್ ಕಂಡೊಡನೆ ಅದರಲ್ಲಿ ಆಲ್ಫಾ ಹೈಡ್ರೋಜನ್, ಅಂದರೆ CHO ಗುಂಪಿನ ಪಕ್ಕದ ಇಂಗಾಲದ ಮೇಲಿನ ಹೈಡ್ರೋಜನ್, ಇದೆಯೇ ಎಂದು ಮೊದಲು ನೋಡುವ ಅಭ್ಯಾಸ ಮಾಡಿಕೊಂಡೆ.

ಆಲ್ಫಾ ಹೈಡ್ರೋಜನ್ ಇದ್ದರೆ, ಸಾರರಿಕ್ತ NaOH ದ್ರಾವಣದ OH⁻ ಅದನ್ನು ಕಿತ್ತುಕೊಳ್ಳುತ್ತದೆ. ಆಗ ಉಂಟಾಗುವ ಈನೋಲೇಟ್ ಇನ್ನೊಂದು ಅಣುವಿನ ಕಾರ್ಬೊನಿಲ್ ಇಂಗಾಲದ ಮೇಲೆ ದಾಳಿ ಮಾಡಿ ಆಲ್ಡಾಲ್ ಕೊಡುತ್ತದೆ. CH₃CHO ಹೀಗೆ ವರ್ತಿಸಿದಾಗ ಸಿಗುವ ಆಲ್ಡಾಲ್, ಕಾಯಿಸಿದರೆ ನೀರನ್ನು ಕಳೆದುಕೊಂಡು ಬ್ಯೂಟ್-2-ಈನಾಲ್ ಆಗುತ್ತದೆ. ಆಲ್ಫಾ ಹೈಡ್ರೋಜನ್ ಇಲ್ಲದಿದ್ದರೆ ಕೀಳುವುದಕ್ಕೆ ಏನೂ ಇರುವುದಿಲ್ಲ. ಸಾಂದ್ರ ಕ್ಷಾರದಲ್ಲಿ OH⁻ ನೇರವಾಗಿ ಕಾರ್ಬೊನಿಲ್ ಇಂಗಾಲಕ್ಕೇ ಸೇರಿ, ಅಲ್ಲಿಂದ ಹೈಡ್ರೈಡ್ ಇನ್ನೊಂದು ಅಣುವಿಗೆ ಹೋಗುತ್ತದೆ. ಇದೇ ಕ್ಯಾನಿಝಾರೋ, ಒಂದು ಅಣು ಆಮ್ಲದ ಲವಣವಾದರೆ ಇನ್ನೊಂದು ಆಲ್ಕೋಹಾಲ್ ಆಗುತ್ತದೆ.

ಕೋಣೆಯ ಗೆಳೆಯ, "ಬೆಂಜಾಲ್ಡಿಹೈಡ್‌ನ ಉಂಗುರದಲ್ಲಿ ಹೈಡ್ರೋಜನ್ ಅದಾವಲ್ಲ, ಅವು ಆಲ್ಫಾ ಅಲ್ಲೇನೋ?" ಎಂದು ಕೇಳಿದ. ಈ ಪ್ರಶ್ನೆಗೆ ರಚನೆಯನ್ನು ಬಿಡಿಸಿ ನೋಡಿದರೇ ಉತ್ತರ ಸಿಗುತ್ತದೆ. CHO ಗುಂಪು ಅಂಟಿಕೊಂಡ ಉಂಗುರದ ಇಂಗಾಲವೇ ಆಲ್ಫಾ ಇಂಗಾಲ, ಅದರ ಮೇಲೆ ಹೈಡ್ರೋಜನ್ ಇಲ್ಲ. ಹತ್ತಿರದ ಹೈಡ್ರೋಜನ್‌ಗಳು ಅದರ ಪಕ್ಕದ ಇಂಗಾಲದ ಮೇಲಿವೆ. ಆದ್ದರಿಂದ ಬೆಂಜಾಲ್ಡಿಹೈಡ್ ಕ್ಯಾನಿಝಾರೋಗೆ ಸೇರುತ್ತದೆ. ಆದರೆ ನಡುವೆ ಒಂದು CH₂ ಸೇರಿದ ಫೀನೈಲ್ ಅಸಿಟಾಲ್ಡಿಹೈಡ್, C₆H₅CH₂CHO, ಆಲ್ಡಾಲ್ ಕಡೆಗೆ ಹೋಗುತ್ತದೆ. ಆಯ್ಕೆಗಳಲ್ಲಿ ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟರೆ, ಹೆಸರು ಮಾತ್ರ ಓದಿಕೊಂಡವರು ಎಡವುವುದು ಖಚಿತ.

ನನಗೆ ಹೆಚ್ಚು ಹಿಡಿಸಿದ್ದು ಬೆಂಜಾಲ್ಡಿಹೈಡ್ ಮತ್ತು ಫಾರ್ಮಾಲ್ಡಿಹೈಡ್‌ಗಳ ಮಿಶ್ರಣ. ಎರಡರಲ್ಲೂ ಆಲ್ಫಾ ಹೈಡ್ರೋಜನ್ ಇಲ್ಲ. ಹಾಗಾದರೆ ಆಲ್ಕೋಹಾಲ್ ಆಗುವುದು ಯಾವುದು? ಫಾರ್ಮಾಲ್ಡಿಹೈಡ್‌ನ ಕಾರ್ಬೊನಿಲ್ ಸುತ್ತ ಅಡ್ಡಿಯೇ ಇಲ್ಲದ ಕಾರಣ OH⁻ ಮೊದಲು ಅದಕ್ಕೆ ಸೇರುತ್ತದೆ, ಹೈಡ್ರೈಡ್ ಕೊಡುವುದೂ ಅದೇ. ಹೀಗಾಗಿ ಫಾರ್ಮೇಟ್ ಮತ್ತು ಬೆಂಜೈಲ್ ಆಲ್ಕೋಹಾಲ್ ಮುಖ್ಯ ಉತ್ಪನ್ನಗಳು. ಕ್ರಿಯಾವಿಧಿ ತಿಳಿದಿದ್ದರೆ ಇದನ್ನು ಬೇರೆಯಾಗಿ ನೆನಪಿಡಬೇಕಾಗಿಲ್ಲ.

ಈ ವಿಧಾನಕ್ಕೆ ಮಿತಿಯೂ ಇದೆ. ರೋಸೆನ್‌ಮುಂಡ್, ಎಟಾರ್ಡ್ ಮುಂತಾದವುಗಳಲ್ಲಿ ಪ್ರಶ್ನೆ ನಿಲ್ಲುವುದು ಕಾರಕದ ಮೇಲೆ. ಅವುಗಳನ್ನು ಕಾರಕದೊಂದಿಗೇ ಬರೆದು ಬರೆದು ಕಲಿಯಬೇಕು. ಮುಂದಿನ ವಾರ ಅಮೀನ್‌ಗಳು. ಹಾಫ್‌ಮನ್ ಬ್ರೋಮಮೈಡ್‌ನಲ್ಲಿ ಒಂದು ಇಂಗಾಲ ಕಡಿಮೆಯಾಗುವುದರಿಂದ, ಅಲ್ಲಿ ಮೊದಲು ಇಂಗಾಲಗಳನ್ನೇ ಎಣಿಸಲಿದ್ದೇನೆ.