ಮಂಡಿ ನೋವಿನ ಪ್ರಶ್ನೆ

ಚಾಟ್‌ಬಾಟ್ ಕೊಡುವ ಆರೋಗ್ಯ ಸಲಹೆ ಬಗ್ಗೆ ಕೇಳುಗರ ಪ್ರಶ್ನೆಗಳಿಗೆ ಡಾಕ್ಟರ್ ಉತ್ತರಿಸುವ ರೇಡಿಯೋ ಕಾರ್ಯಕ್ರಮದ ಸ್ಕ್ರಿಪ್ಟ್ ಬರೆಯುತ್ತಾ ಕೂತಿದ್ದೇನೆ. ಒಂದು ಪ್ರಶ್ನೆ ಬಿಟ್ಟು ಮುಂದಕ್ಕೆ ಹೋಗೋಕೇ ಆಗುತ್ತಿಲ್ಲ.

ರಾಜಾಜಿನಗರದ ಹಿರಿಯರೊಬ್ಬರದ್ದು. ಮಂಡಿ ನೋವಿಗೆ ಏನು ತಗೊಳ್ಳಲಿ ಅಂತ ಕೇಳಿದ್ದಾರೆ, ಐಬುಪ್ರೊಫೆನ್ 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಊಟ ಆದಮೇಲೆ ಅಂತ ಚಾಟ್‌ಬಾಟ್ ಹೇಳಿದೆ. ಆರೋಗ್ಯವಾಗಿರುವ ದೊಡ್ಡವರಿಗೆ ಈ ಡೋಸ್ ತಪ್ಪೇನಲ್ಲ. ಆದರೆ ಇವರು ಬಿಪಿಗೆ ಟೆಲ್ಮಿಸಾರ್ಟನ್ ನುಂಗುತ್ತಾರೆ, ಜೊತೆಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯೂ ಇದೆ. ಅದನ್ನು ಇವರು ಹೇಳಲಿಲ್ಲ, ಚಾಟ್‌ಬಾಟ್ ಕೂಡ ಕೇಳಲಿಲ್ಲ.

ಡಾಕ್ಟರ್ ವಿವರಿಸಿದ್ದು ಇಷ್ಟು: ಐಬುಪ್ರೊಫೆನ್ ಕಿಡ್ನಿಗೆ ರಕ್ತ ಒಳಗೆ ಬರುವ ನಾಳವನ್ನು ಬಿಗಿ ಮಾಡುತ್ತದೆ, ಟೆಲ್ಮಿಸಾರ್ಟನ್ ಹೊರಗೆ ಹೋಗುವ ನಾಳವನ್ನು ಸಡಿಲ ಮಾಡುತ್ತದೆ, ಇನ್ನೊಂದು ಮಾತ್ರೆ ಮೈಯ ನೀರು ಇಳಿಸುತ್ತದೆ. ಮೂರೂ ಸೇರಿದರೆ ಕಿಡ್ನಿಯಲ್ಲಿ ಸೋಸುವ ಒತ್ತಡವೇ ಕುಸಿಯುತ್ತದೆ. ವಾಂತಿ ಭೇದಿ ಆದಾಗಲಂತೂ ಇನ್ನೂ ಅಪಾಯ. ಮೂತ್ರ ಕಡಿಮೆಯಾಗಬಹುದು, ಕಾಲು ಊದಬಹುದು, ಆದರೆ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ, ರಕ್ತದಲ್ಲಿ ಕ್ರಿಯಾಟಿನಿನ್, ಪೊಟ್ಯಾಶಿಯಂ ನೋಡಿದರೇನೇ ತಿಳಿಯೋದು.

ಬಿಪಿ ಮಾತ್ರೆ ಸುಮ್ನೆ ನಿಲ್ಲಿಸಬೇಡಿ, ನೋವಿನ ಮಾತ್ರೆ ನಿಲ್ಲಿಸಿ, ಮಾತ್ರೆ ಪಟ್ಟಿ ಹಿಡಿದು ನಿಮ್ಮ ಡಾಕ್ಟರ್ ಹತ್ರ ಹೋಗಿ ಅಂದರು. ಈ ಸಾಲನ್ನು ಎರಡು ಸಲ ಓದಿಸುತ್ತೇನೆ.