ಗಡುವು ಮುಂದೆ ಹಾಕಿಸುವಾಗ ಹೊಸ ತಾರೀಖು ಎಲ್ಲಿಂದ ಬರಬೇಕು

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ತಾಂತ್ರಿಕ ಕೈಪಿಡಿಗಳನ್ನು ಅನುವಾದ ಮಾಡುತ್ತೇನೆ. ಪಂಪು, ಇನ್ವರ್ಟರ್, ಟ್ರ್ಯಾಕ್ಟರ್ ಕೊಂಡಾಗ ಜೊತೆಗೆ ಕೊಡುತ್ತಾರಲ್ಲ, ಆ ಪುಸ್ತಕಗಳು. ಕೆಲಸ ಹೆಚ್ಚಾಗಿ ಅನುವಾದ ಏಜೆನ್ಸಿಗಳ ಮೂಲಕ ಬರುತ್ತದೆ. ಈ ಕೆಲಸದಲ್ಲಿ ಗಡುವು ಮುಂದೆ ಹಾಕಿ ಅಂತ ಕೇಳುವ ಸಂದರ್ಭ ಬಂದೇ ಬರುತ್ತದೆ. ಅದರಲ್ಲೂ ಒಂದು ಸಂದರ್ಭ ಮತ್ತೆ ಮತ್ತೆ ಬರುತ್ತದೆ: ನಾವು ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಸಿರುತ್ತೇವೆ, ಅಷ್ಟರಲ್ಲಿ ಕಂಪನಿಯವರು ಮೂಲ ಫೈಲನ್ನೇ ಬದಲಿಸಿ ಕಳಿಸುತ್ತಾರೆ.

ಅಂಥ ಒಂದು ಕೆಲಸದ ಲೆಕ್ಕವನ್ನು ಇಲ್ಲಿ ಪೂರ್ತಿ ಬಿಡಿಸಿ ಹೇಳುತ್ತೇನೆ. ಅಂಕಿಗಳನ್ನು ಸುಲಭಕ್ಕೆಂದು ದುಂಡಗೆ ಮಾಡಿದ್ದೇನೆ.

ಅದು ಬೋರ್‌ವೆಲ್‌ಗೆ ಹಾಕುವ ಸಬ್‌ಮರ್ಸಿಬಲ್ ಪಂಪಿನ ಕೈಪಿಡಿ. ಒಂಬತ್ತು ಅಧ್ಯಾಯ, 24,000 ಪದ. ನಾನು ದಿನಕ್ಕೆ 2,000 ಪದದ ಲೆಕ್ಕ ಇಟ್ಟುಕೊಳ್ಳುತ್ತೇನೆ. ಅಂದರೆ ಅನುವಾದಕ್ಕೆ 12 ದಿನ, ಮೊದಲಿಂದ ಕೊನೆಯವರೆಗೆ ಓದಿ ತಿದ್ದಲು 2 ದಿನ, ಹೆಚ್ಚು ಕಡಿಮೆ ಆದರೆ ಇರಲಿ ಅಂತ 1 ದಿನ. ಒಟ್ಟು 15 ಕೆಲಸದ ದಿನ. ಜೂನ್ 2ರ ಸೋಮವಾರ ಶುರು ಮಾಡಿದರೆ ಜೂನ್ 20ರ ಶುಕ್ರವಾರ ಕೊಡಬೇಕು. ಪರ್ಚೇಸ್ ಆರ್ಡರ್‌ನಲ್ಲೂ ಅದೇ ತಾರೀಖು ಇತ್ತು.

ಜೂನ್ 12ರ ಗುರುವಾರ ಸಂಜೆ ಹೊಸ ಫೈಲ್ ಬಂತು. ಅಷ್ಟು ಹೊತ್ತಿಗೆ 18,000 ಪದ ಆಗಿತ್ತು. ಕಂಪನಿಯವರು ಸ್ಟಾರ್ಟರ್ ಪ್ಯಾನೆಲ್ ಬದಲಿಸಿದ್ದರು. ನೀರು ಇಲ್ಲದೆ ಮೋಟಾರು ಓಡಿದರೆ ತಾನೇ ನಿಲ್ಲಿಸುವ ವ್ಯವಸ್ಥೆ ಹೊಸ ಪ್ಯಾನೆಲ್‌ನಲ್ಲಿತ್ತು. ಹಾಗಾಗಿ ವೈರಿಂಗ್ ಹೇಳುವ 5ನೇ ಅಧ್ಯಾಯ ಮತ್ತು ದೋಷ ಪತ್ತೆ ಮಾಡುವ 6ನೇ ಅಧ್ಯಾಯ ಬದಲಾಗಿದ್ದವು. ಎರಡನ್ನೂ ನಾನು ಆಗಲೇ ಮುಗಿಸಿದ್ದೆ. ಮೇಲ್‌ನಲ್ಲಿ ಒಂದೇ ಸಾಲು ಇತ್ತು: ಇದೇ ಅಂತಿಮ ಫೈಲ್, ದಯವಿಟ್ಟು ಇದನ್ನು ಬಳಸಿ. ಗಡುವಿನ ಮಾತೇ ಇಲ್ಲ.

ಇಂಥ ಹೊತ್ತಿನಲ್ಲಿ ತಕ್ಷಣ ‘ನಾಲ್ಕು ದಿನ ಜಾಸ್ತಿ ಬೇಕು’ ಅಂತ ಬರೆದು ಬಿಡುವ ಆಸೆ ಆಗುತ್ತದೆ. ಆ ನಾಲ್ಕು ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ನಾನು ಆ ಸಂಜೆ ಬರೆದದ್ದು ಇಷ್ಟೇ: ಫೈಲ್ ಸಿಕ್ಕಿದೆ, ಹಳೆಯದರ ಜೊತೆ ಹೋಲಿಸಿ ನೋಡುತ್ತೇನೆ, ಗಡುವಿನ ಮೇಲೆ ಏನು ಪರಿಣಾಮ ಅನ್ನುವುದನ್ನು ನಾಳೆ ಬೆಳಿಗ್ಗೆ ತಿಳಿಸುತ್ತೇನೆ. ಈ ಸಣ್ಣ ಮೇಲ್ ಬಹಳ ಮುಖ್ಯ ಅಂತ ನನ್ನ ಅನುಭವ. ಗಡುವು ಅಲುಗಾಡಬಹುದು ಅನ್ನುವುದು ಆ ಕಡೆಯವರಿಗೆ ಅವತ್ತೇ ಗೊತ್ತಾಗುತ್ತದೆ. ನಮಗೆ ಲೆಕ್ಕ ಹಾಕಲು ಒಂದು ರಾತ್ರಿ ಸಿಗುತ್ತದೆ.

ಲೆಕ್ಕಕ್ಕೆ ಟ್ರಾನ್ಸ್‌ಲೇಷನ್ ಮೆಮೊರಿ ಇದೆ. ನಾವು ಅನುವಾದಿಸಿದ ಒಂದೊಂದು ವಾಕ್ಯವೂ ಅದರಲ್ಲಿ ಉಳಿದಿರುತ್ತದೆ. ಹೊಸ ಫೈಲನ್ನು ಅದಕ್ಕೆ ಕೊಟ್ಟರೆ ಯಾವ ವಾಕ್ಯ ಹಾಗೇ ಇದೆ, ಯಾವುದು ಸ್ವಲ್ಪ ಬದಲಾಗಿದೆ, ಯಾವುದು ಪೂರ್ತಿ ಹೊಸದು ಅಂತ ಎಣಿಸಿ ಕೊಡುತ್ತದೆ. ಬಂದ ಲೆಕ್ಕ: ಪೂರ್ತಿ ಹೊಸದು 4,500 ಪದ, ಸ್ವಲ್ಪ ಬದಲಾದ ವಾಕ್ಯಗಳು 3,000 ಪದ.

ಈ ‘ಸ್ವಲ್ಪ ಬದಲಾದ’ ವಾಕ್ಯಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ಇದ್ದಾರೆ. ಹಾಗೆ ಮಾಡಬಾರದು. ಓವರ್‌ಲೋಡ್ ರಿಲೇಯನ್ನು ಎಷ್ಟು ಆಂಪಿಯರ್‌ಗೆ ಇಡಬೇಕು ಅನ್ನುವ ವಾಕ್ಯದಲ್ಲಿ ಒಂದು ಸಂಖ್ಯೆ ಮಾತ್ರ ಬದಲಾಗಿರುತ್ತದೆ. ಕಣ್ಣಿಗೆ ಎಲ್ಲ ಹಳೆಯದೇ ಅನ್ನಿಸುತ್ತದೆ. ಹಳೆಯ ಸಂಖ್ಯೆ ಉಳಿದುಬಿಟ್ಟರೆ ರೈತರೊಬ್ಬರ ಮೋಟಾರು ಸುಟ್ಟುಹೋಗಬಹುದು. ಹಾಗಾಗಿ ಇಂಥ ವಾಕ್ಯಗಳಿಗೆ ಹೊಸ ಅನುವಾದದ ಅರ್ಧ ಹೊತ್ತು ಹಿಡಿಯುತ್ತೇನೆ. 3,000 ಪದ ಅಂದರೆ 1,500 ಪದದ ಕೆಲಸ. ಹೊಸ 4,500 ಸೇರಿಸಿದರೆ 6,000. ಮೂರು ದಿನದ ಅನುವಾದ.

ಈಗ ತಾರೀಖು. ಮೊದಲೇ ಬಾಕಿ ಇದ್ದ 6,000 ಪದಕ್ಕೆ ಮೂರು ದಿನ, ಹೊಸದಕ್ಕೆ ಮೂರು ದಿನ. ಪರಿಶೀಲನೆಗೆ ಮೊದಲಿದ್ದ ಎರಡು ದಿನದ ಜೊತೆಗೆ, ಬದಲಾದ ಎರಡು ಅಧ್ಯಾಯಗಳಿಗೆ ಇನ್ನೊಂದು ದಿನ. ಮೊದಲಿದ್ದ ಒಂದು ದಿನದ ಬಿಡುವು ಹಾಗೇ ಇರಬೇಕು. ಒಟ್ಟು ಹತ್ತು ದಿನ. ಜೂನ್ 13ರ ಶುಕ್ರವಾರದಿಂದ ಎಣಿಸಿ, ಶನಿವಾರ ಭಾನುವಾರ ಬಿಟ್ಟರೆ, ಜೂನ್ 26ರ ಗುರುವಾರಕ್ಕೆ ಬರುತ್ತದೆ.

ಆ ಬಿಡುವಿನ ದಿನವನ್ನು ಕೈಬಿಟ್ಟು ಜೂನ್ 25 ಅಂದುಬಿಡೋಣ ಅಂತ ಸಂಕೋಚ ಎಳೆಯುತ್ತದೆ. ಒಂದು ದಿನ ಕಡಿಮೆ ಕೇಳಿದರೆ ಚೆನ್ನಾಗಿ ಕಾಣುತ್ತದೆ ಅಲ್ವಾ? ಆದರೆ ಮೊದಲ ಸಲ ಆರು ದಿನ ಕೇಳಿದರೂ ಒಪ್ಪುವವರು, ಎರಡನೇ ಸಲ ಒಂದೇ ದಿನ ಕೇಳಿದರೂ ಮುಖ ಗಂಟಿಕ್ಕುತ್ತಾರೆ. ಅವರಿಗೆ ಅದಕ್ಕೆ ಕಾರಣವೂ ಇದೆ. ನಮ್ಮ ಮಾತು ನಂಬಿ ಅವರು ಮುಂದಿನವರಿಗೆಲ್ಲ ಆಗಲೇ ತಾರೀಖು ಕೊಟ್ಟಿರುತ್ತಾರೆ.

ಆ ಮುಂದಿನವರು ಯಾರು ಅನ್ನುವುದನ್ನು ಮೇಲ್ ಬರೆಯುವ ಮೊದಲು ಯೋಚಿಸಲೇಬೇಕು. ಕೈಪಿಡಿ ನನ್ನ ಕೈಯಿಂದ ಹೋದ ಮೇಲೆ ಪಂಪ್ ಕಂಪನಿಯ ಸರ್ವಿಸ್ ವಿಭಾಗದವರು ಓದುತ್ತಾರೆ. ಆಮೇಲೆ ಪುಟ ಕಟ್ಟುವವರು. ಕನ್ನಡದ ಸಾಲು ಇಂಗ್ಲಿಷಿಗಿಂತ ಹೆಚ್ಚು ಜಾಗ ತಿನ್ನುವುದರಿಂದ ಚಿತ್ರದ ಪಕ್ಕದ ಬರಹ, ಕೋಷ್ಟಕ ಎಲ್ಲ ಮತ್ತೆ ಹೊಂದಿಸಬೇಕು. ಒತ್ತಕ್ಷರ ಒಡೆದಿದೆಯಾ ಅಂತ ನೋಡಬೇಕು. ಆಮೇಲೆ ಪ್ರೆಸ್. ನನ್ನ ಗಡುವು ಸರಿದರೆ ಇವರೆಲ್ಲರ ಕೆಲಸ ಸರಿಯುತ್ತದೆ. ಪೂರ್ತಿ ಕೈಪಿಡಿಗೆ ಕಾಯದೆ ಇವರಲ್ಲಿ ಯಾರಾದರೂ ಶುರು ಮಾಡಲು ಸಾಧ್ಯವಾ ಅಂತ ನೋಡಿದೆ. ಸಾಧ್ಯವಿತ್ತು. ಒಂಬತ್ತರಲ್ಲಿ ಏಳು ಅಧ್ಯಾಯ ಬದಲಾಗಿರಲಿಲ್ಲ. ಮೊದಲು ಅವುಗಳನ್ನು ಮುಗಿಸಿ ಪರಿಶೀಲಿಸಿದರೆ ಹಳೆಯ ತಾರೀಖಿಗೇ ಕೊಡಬಹುದು. ಬದಲಾದ ಎರಡನ್ನು ಆಮೇಲೆ ತೆಗೆದುಕೊಂಡರೆ ಆಯಿತು.

ಶುಕ್ರವಾರ ಬೆಳಿಗ್ಗೆ ಕಳಿಸಿದ ಮೇಲ್ ಹೀಗಿತ್ತು:

> ಮೇಡಂ, ನಮಸ್ಕಾರ.
>
> ನಿನ್ನೆ ಬಂದ ಫೈಲನ್ನು ಹಳೆಯದರ ಜೊತೆ ಹೋಲಿಸಿ ನೋಡಿದೆ. 5 ಮತ್ತು 6ನೇ ಅಧ್ಯಾಯಗಳಲ್ಲಿ 4,500 ಪದ ಹೊಸದಾಗಿ ಸೇರಿದೆ, 3,000 ಪದದಷ್ಟು ವಾಕ್ಯಗಳು ತಿದ್ದುಪಡಿ ಆಗಿವೆ. ವರದಿ ಲಗತ್ತಿಸಿದ್ದೇನೆ. ಇದಕ್ಕೆ ಅನುವಾದಕ್ಕೆ 3 ದಿನ, ಪರಿಶೀಲನೆಗೆ 1 ದಿನ ಹೆಚ್ಚು ಬೇಕು.
>
> ಹಾಗಾಗಿ ಜೂನ್ 20ರ ಬದಲು ಜೂನ್ 26, ಗುರುವಾರ ಸಂಜೆ 5 ಗಂಟೆಯವರೆಗೆ ಸಮಯ ಕೊಡಬೇಕೆಂದು ಕೋರುತ್ತೇನೆ.
>
> ಬದಲಾಗದ ಏಳು ಅಧ್ಯಾಯಗಳನ್ನು ಪರಿಶೀಲನೆ ಮುಗಿಸಿ ಜೂನ್ 20ರಂದೇ ಕಳಿಸುತ್ತೇನೆ. ಪುಟ ಕಟ್ಟುವವರು ಅವುಗಳನ್ನು ಶುರು ಮಾಡಬಹುದು.
>
> ಇದು ಆಗುತ್ತದೆಯೇ ಎಂದು ಸೋಮವಾರ ಮಧ್ಯಾಹ್ನದೊಳಗೆ ತಿಳಿಸಿ. ಅಲ್ಲಿಯವರೆಗೆ ಬದಲಾಗದ ಅಧ್ಯಾಯಗಳ ಕೆಲಸ ಮುಂದುವರಿಸುತ್ತೇನೆ. ಹೆಚ್ಚಿನ ಪದಗಳ ಬಿಲ್ ವಿಷಯ ಬೇರೆ ಮೇಲ್‌ನಲ್ಲಿ ಬರೆಯುತ್ತೇನೆ.

ಕಂಪನಿಯವರು ಮಧ್ಯದಲ್ಲಿ ಫೈಲ್ ಬದಲಿಸಿದ್ದು ತಪ್ಪು ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ. ಏಜೆನ್ಸಿಯ ಮೇಡಂ ಈ ಮೇಲನ್ನು ಹಾಗೇ ಮುಂದಕ್ಕೆ, ಕಂಪನಿಗೆ, ಕಳಿಸಬೇಕಾಗುತ್ತದೆ. ದೂರು ಸೇರಿದ್ದರೆ ಅವರು ಎಲ್ಲವನ್ನೂ ತಿದ್ದಿ ಬರೆಯಬೇಕು, ಅದಕ್ಕೆ ಒಂದು ದಿನ ಹೋಗುತ್ತದೆ. ವರದಿಯ ಅಂಕಿಗಳೇ ಸಾಕು. ಹಾಗೇ ‘ದಿನದ ಕೊನೆಗೆ’ ಅಂತ ಬರೆಯದೆ ಗಂಟೆ ಹಾಕಿದ್ದೇನೆ. ಒಬ್ಬರ ದಿನ ಆರಕ್ಕೆ ಮುಗಿದರೆ ಇನ್ನೊಬ್ಬರದು ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ.

ಹಣದ ವಿಷಯವನ್ನು ಬೇರೆ ಇಟ್ಟದ್ದು ಬೇಕೆಂದೇ. ಏಜೆನ್ಸಿಗಳಲ್ಲಿ ದರ ಒಪ್ಪುವವರು ಬೇರೆ, ತಾರೀಖು ಒಪ್ಪುವವರು ಬೇರೆ ಇರುವುದು ಉಂಟು. ಎರಡನ್ನೂ ಒಂದೇ ಮೇಲ್‌ನಲ್ಲಿ ಕಟ್ಟಿದರೆ ಹಣದ ಮಾತು ಮುಗಿಯುವವರೆಗೆ ತಾರೀಖಿಗೂ ಉತ್ತರ ಬರುವುದಿಲ್ಲ.

ಸೋಮವಾರ ಉತ್ತರ ಬಂತು. ಜೂನ್ 26 ಒಪ್ಪಿಗೆ. ಆದರೆ ಒಂದು ಷರತ್ತು: ಪ್ಯಾನೆಲ್ ಡಬ್ಬಿಯ ಮೇಲೆ ಅಂಟಿಸುವ ಎಚ್ಚರಿಕೆ ಸ್ಟಿಕರ್ ಬೇರೆ ಕಡೆ ಪ್ರಿಂಟಾಗುತ್ತದೆ, ಅದರ ವಾಕ್ಯಗಳು 5ನೇ ಅಧ್ಯಾಯದಿಂದ ಬರುತ್ತವೆ, ಅವು ಮಾತ್ರ ಜೂನ್ 23ಕ್ಕೆ ಬೇಕು. ಒಂದು ಪುಟದಷ್ಟು ವಾಕ್ಯಗಳು. ಸ್ಟಿಕರ್ ವಿಷಯ ನನಗೆ ಗೊತ್ತೇ ಇರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಯಾವ ಭಾಗ ಯಾವಾಗ ಅಂತ ಬಿಡಿಸಿ ಬರೆದಿದ್ದರಿಂದ ಅವರೂ ಬಿಡಿಸಿ ನೋಡಿ ಹೇಳಲು ಆಯಿತು. ಜೂನ್ 20ರಂದು ಏಳು ಅಧ್ಯಾಯ ಕಳಿಸಿ, ಅವತ್ತೇ ಎಚ್ಚರಿಕೆ ವಾಕ್ಯಗಳಿಂದ ಹೊಸ ಭಾಗ ಶುರು ಮಾಡಿದೆ.

ಒಪ್ಪದೇ ಇದ್ದರೆ? ಅದಕ್ಕೂ ತಯಾರಿ ಬೇಕು. 6ನೇ ಅಧ್ಯಾಯವನ್ನು ಇನ್ನೊಬ್ಬ ಅನುವಾದಕರಿಗೆ ಕೊಡಬಹುದು. ಆಗ ‘ಟ್ರಿಪ್ ಆಗುತ್ತದೆ’ ಅಂತ ನಾನು ಬರೆದದ್ದನ್ನು ಅವರು ‘ಕಡಿತಗೊಳ್ಳುತ್ತದೆ’ ಅಂತ ಬರೆಯದಂತೆ ಪದಪಟ್ಟಿಯನ್ನು ಮೊದಲೇ ಕಳಿಸಬೇಕು, ಕೊನೆಗೆ ಒಬ್ಬರೇ ಕೂತು ಎರಡನ್ನೂ ಓದಬೇಕು. ಇಲ್ಲವೇ ಶನಿವಾರ ಭಾನುವಾರ ಕೆಲಸ ಮಾಡಿ, ಅದಕ್ಕೆ ಹೆಚ್ಚಿನ ದರ ಕೇಳಬಹುದು. ಪರಿಶೀಲನೆ ಬಿಟ್ಟು ಕೊಡಿ ಅಂದರೆ ನಾನು ಒಪ್ಪುವುದಿಲ್ಲ. ಕರೆಂಟಿನ ವಿಷಯ ಇರುವ ಅಧ್ಯಾಯಕ್ಕಂತೂ ಖಂಡಿತ ಇಲ್ಲ.

ಜ್ವರ, ಮನೆಯಲ್ಲಿ ಸಾವು ನೋವು, ಇಂಥ ಕಾರಣಕ್ಕೆ ಕೇಳುವಾಗಲೂ ಮೇಲ್‌ನ ಕಟ್ಟು ಇದೇ. ಕಾರಣಕ್ಕೆ ಒಂದು ವಾಕ್ಯ ಸಾಕು. ಎಷ್ಟು ಡಿಗ್ರಿ, ಯಾವ ಮಾತ್ರೆ ಅನ್ನುವುದೆಲ್ಲ ಬೇಡ. ಆ ಕಡೆಯವರಿಗೆ ಬೇಕಾದದ್ದು ಇಷ್ಟು ಆಗಿದೆ, ಇಷ್ಟು ಬಾಕಿ ಇದೆ, ಇಂಥ ದಿನದಿಂದ ಮತ್ತೆ ಕೂರುತ್ತೇನೆ ಅನ್ನುವ ಮಾತು. ಒಂದು ವ್ಯತ್ಯಾಸ ಇದೆ. ಹುಷಾರಾಗಿ ಎದ್ದ ಮೊದಲ ದಿನಕ್ಕೇ 2,000 ಪದದ ಲೆಕ್ಕ ಹಾಕಬಾರದು. ನಾನು ಅರ್ಧ ಹಾಕುತ್ತೇನೆ.

ಮೇಲ್ ಸರಿಯಾಗಿದೆಯಾ ಅಂತ ತಿಳಿಯಲು ಬರುವ ಉತ್ತರವನ್ನು ನೋಡಿದರೆ ಆಯಿತು. ‘ಒಪ್ಪಿಗೆ’ ಅಥವಾ ‘ಆಗಲ್ಲ, ಹೀಗೆ ಮಾಡೋಣವಾ’ ಅಂತ ಬಂದರೆ ಬೇಕಾದ್ದೆಲ್ಲ ಬರೆದಿದ್ದೇವೆ ಅಂತ ಅರ್ಥ. ‘ಯಾಕೆ ಇಷ್ಟು ದಿನ?’, ‘ಈಗ ಎಷ್ಟು ಆಗಿದೆ?’ ಅಂತ ಬಂದರೆ ಯಾವುದೋ ಒಂದು ಅಂಕಿ ಬಿಟ್ಟುಹೋಗಿದೆ.

ಒಪ್ಪಿಗೆ ಬಂದ ಮೇಲೂ ಒಂದು ಕೆಲಸ ಇದೆ. ಪರ್ಚೇಸ್ ಆರ್ಡರ್‌ನಲ್ಲಿ ತಾರೀಖು ಬದಲಿಸಿ ಹೊಸದಾಗಿ ಕಳಿಸಲು ಹೇಳಬೇಕು. ಸುಮಾರು ಏಜೆನ್ಸಿಗಳ ಪೋರ್ಟಲ್‌ನಲ್ಲಿ ಆರ್ಡರ್‌ನ ತಾರೀಖು ದಾಟಿದರೆ ಅದು ತಾನಾಗಿಯೇ ತಡ ಅಂತ ದಾಖಲಾಗುತ್ತದೆ. ಮೇಲ್‌ನಲ್ಲಿ ಸಿಕ್ಕ ಒಪ್ಪಿಗೆ ಪೋರ್ಟಲ್‌ಗೆ ಗೊತ್ತಿರುವುದಿಲ್ಲ. ತಿಂಗಳುಗಳ ನಂತರ ಬೇರೆ ಕೆಲಸ ಹಂಚುವವರು ಆ ದಾಖಲೆಯನ್ನಷ್ಟೇ ನೋಡುತ್ತಾರೆ. ಪಂಪಿನ ಕೈಪಿಡಿಗೆ ಜೂನ್ 26 ಅಂತ ತಿದ್ದಿದ ಆರ್ಡರ್ ಮರುದಿನವೇ ಬಂತು, ಹೆಚ್ಚಿನ ಪದಗಳೂ ಅದರಲ್ಲೇ ಸೇರಿದ್ದವು.